ಜುಮುಕಿಯ ಬಿಲ್ಲಿನಲ್ಲಿ ಚಿನ್ನ ಎಷ್ಟು, ಕೂಲಿ ಎಷ್ಟು?

ಮೈಸೂರಿನಲ್ಲಿರುವ ತಂಗಿ ಮೊನ್ನೆ ವಾಟ್ಸಾಪಿನಲ್ಲಿ ಒಂದು ಬಿಲ್ಲಿನ ಫೋಟೊ ಕಳಿಸಿದಳು. ಜೊತೆಗೆ ಒಂದು ಸಾಲು: "ಅಕ್ಕ, 13.44 ಗ್ರಾಂ ಜುಮುಕಿ ತಗೊಂಡೆ." ಬಿಲ್ಲಿನ ತೂಕದ ಕಾಲಂನಲ್ಲಿ ಇದ್ದದ್ದು ಅದೇ ಅಂಕಿ. ಆದರೆ ಜುಮುಕಿಯಲ್ಲಿ ಇದ್ದ ಚಿನ್ನ ಅಷ್ಟಲ್ಲ. ಫೋಟೊ ನೋಡಿಯೇ ಅದನ್ನು ಹೇಗೆ ಕಂಡುಹಿಡಿಯುವುದು ಅಂತ ಹೇಳುತ್ತೇನೆ.

ಮೊದಲು ಫೋಟೊ ಸರಿಯಾಗಿರಬೇಕು. ಬಿಲ್ಲನ್ನು ಮೇಜಿನ ಮೇಲೆ ಮಡಿಕೆ ಬಿಡಿಸಿ ಹರವಿ, ನೇರ ಮೇಲಿನಿಂದ ತೆಗೆಯಿರಿ. ಲೆಕ್ಕದ ಭಾಗವನ್ನು ಹತ್ತಿರದಿಂದ ಇನ್ನೊಂದು ತೆಗೆಯಿರಿ. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಅಕ್ಷರ ಮಸುಕಾಗುವುದಿಲ್ಲ. ಚಿನ್ನದ ತೂಕಕ್ಕೆ ಚುಕ್ಕೆಯ ನಂತರ ಮೂರು ಅಂಕಿ ಇರುತ್ತವೆ. ಮಸುಕಾದ ಫೋಟೊದಲ್ಲಿ 3 ಮತ್ತು 8 ಒಂದೇ ಥರ ಕಾಣುತ್ತವೆ. ಸಂಶಯ ಬಂದರೆ ತೂಕವನ್ನು ದರದಿಂದ ಗುಣಿಸಿ. ಉತ್ತರ ಪಕ್ಕದ ಮೊತ್ತಕ್ಕೆ ಸರಿಹೋದರೆ ನೀವು ಓದಿದ್ದು ಸರಿ.

ತಂಗಿಯ ಬಿಲ್ಲಿನಲ್ಲಿ ಇದ್ದದ್ದು ಇಷ್ಟು:

```
Gr.Wt 12.400   St.Wt 0.400   VA 12%
Wt 13.440   Rate 9000   1,20,960.00
MC                         3,600.00
Stone                      1,500.00
CGST 1.5%                  1,890.90
SGST 1.5%                  1,890.90
Hallmark (2) + GST           106.20
Total                    1,29,948.00
```

`Gr.Wt` ಅಂದರೆ ಹರಳು ಸಮೇತ ಒಟ್ಟು ತೂಕ. `St.Wt` ಹರಳಿನ ತೂಕ. ಒಟ್ಟಿನಿಂದ ಹರಳನ್ನು ಕಳೆದರೆ 12.000 ಗ್ರಾಂ. ಚಿನ್ನ ಇರುವುದು ಅಷ್ಟೇ! ಬಹಳ ಬಿಲ್ಲುಗಳಲ್ಲಿ ಇದನ್ನು `Net Wt` ಎಂದು ಬರೆದಿರುತ್ತಾರೆ, ಇದರಲ್ಲಿ ಇರಲಿಲ್ಲ. ಹರಳಿನ ತೂಕ ಕೆಲವು ಕಡೆ ಕ್ಯಾರೆಟ್‌ನಲ್ಲಿರುತ್ತದೆ. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ. ಇದನ್ನು 22 ಕ್ಯಾರೆಟ್ ಚಿನ್ನದ ಜೊತೆ ಗೊಂದಲ ಮಾಡಿಕೊಳ್ಳಬೇಡಿ, ಅದು ಶುದ್ಧತೆಯ ಲೆಕ್ಕ.

ಹಾಗಾದರೆ 13.440 ಎಲ್ಲಿಂದ ಬಂತು? `VA` ಎಂದರೆ ವ್ಯಾಲ್ಯೂ ಅಡಿಷನ್, ಈ ಬಿಲ್ಲಿನಲ್ಲಿ ಅದು ವೇಸ್ಟೇಜ್, ಅಂದರೆ ಒಡವೆ ಮಾಡುವಾಗ ನಷ್ಟವಾಗುವ ಚಿನ್ನಕ್ಕೆಂದು ಹಾಕುವ ಲೆಕ್ಕ. 12 ಗ್ರಾಂಗೆ ಶೇ 12 ಅಂದರೆ 1.440 ಗ್ರಾಂ. ಅದನ್ನು ಚಿನ್ನದ ತೂಕಕ್ಕೆ ಕೂಡಿಸಿ ಒಂದೇ ಅಂಕಿ ಮಾಡಿದ್ದಾರೆ. ಈ 1.440 ಗ್ರಾಂಗೆ ಕೊಟ್ಟ 12,960 ರೂಪಾಯಿ ಜುಮುಕಿಯಲ್ಲಿ ಇಲ್ಲ. ಮುಂದೆ ಮಾರಲು ಹೋದರೆ ಚಿನ್ನದ ಲೆಕ್ಕಕ್ಕೆ ಬರುವುದು 12 ಗ್ರಾಂ. ಕೆಲವು ಬಿಲ್ಲಿನಲ್ಲಿ ಒಟ್ಟು ತೂಕ, ಹರಳಿನ ತೂಕ ಎರಡೂ ಇರುವುದಿಲ್ಲ. ಆಗ 13.440 ಅನ್ನು 1.12ರಿಂದ ಭಾಗಿಸಿ, 12 ಸಿಗುತ್ತದೆ.

ವೇಸ್ಟೇಜ್ ಯಾವ ತೂಕದ ಮೇಲೆ ಹಾಕಿದ್ದಾರೆ ಅನ್ನುವುದನ್ನೂ ನೋಡಬೇಕು. ಹರಳು ಸೇರಿಸಿದ 12.400ರ ಮೇಲೆ ಹಾಕಿದ್ದರೆ 0.048 ಗ್ರಾಂ ಜಾಸ್ತಿ, ಅಂದರೆ 432 ರೂಪಾಯಿ. ಜುಮುಕಿಗೆ ಚಿಕ್ಕದು ಅನ್ನಿಸಬಹುದು, ಹರಳು ತುಂಬಿದ ನೆಕ್ಲೇಸ್‌ಗೆ ಚಿಕ್ಕದಲ್ಲ.

`MC` ಮೇಕಿಂಗ್ ಚಾರ್ಜ್, ನಮ್ಮ ಕಡೆ ಕೂಲಿ ಅನ್ನುತ್ತೇವೆ. ಇಲ್ಲಿ ಗ್ರಾಂಗೆ 300ರಂತೆ 3,600. "ವೇಸ್ಟೇಜ್ ಇಲ್ಲ" ಎಂದು ಬೋರ್ಡ್ ಹಾಕಿದ ಅಂಗಡಿಯಲ್ಲಿ ಕೂಲಿ ಜಾಸ್ತಿ ಇರಬಹುದು. ಅದಕ್ಕೇ ನಾನು ಎರಡನ್ನೂ ಕೂಡಿಸಿ ನೋಡುತ್ತೇನೆ. ಇಲ್ಲಿ 16,560. ಚಿನ್ನದ ಬೆಲೆ 1,08,000ಕ್ಕೆ ಹೋಲಿಸಿದರೆ ಸುಮಾರು ಶೇ 15.3. ಪಕ್ಕದ ಅಂಗಡಿಯ ಜುಮುಕಿಗೂ ಇದೇ ಲೆಕ್ಕ ಹಾಕಿದರೆ ಯಾವುದು ಅಗ್ಗ ಅಂತ ಗೊತ್ತಾಗುತ್ತದೆ. ಚೌಕಾಸಿ ಮಾಡುವುದಾದರೂ ಇಲ್ಲೇ, ದಿನದ ದರದ ಮೇಲೆ ಅಲ್ಲ.

ತೆರಿಗೆ ಸುಲಭ. ಚಿನ್ನ, ವೇಸ್ಟೇಜ್, ಕೂಲಿ, ಹರಳು ಸೇರಿ 1,26,060. ಅದರ ಶೇ 3 ಅಂದರೆ 3,781.80. ಅದನ್ನೇ ಕೇಂದ್ರ, ರಾಜ್ಯ ಅಂತ ಎರಡು ಭಾಗ ಮಾಡಿದ್ದಾರೆ. ಹಾಲ್‌ಮಾರ್ಕ್ ಶುಲ್ಕ ಈ ಬಿಲ್ಲಿನಲ್ಲಿ ಒಂದಕ್ಕೆ 45 ರೂಪಾಯಿ, ಜೋಡಿಗೆ 90, ಅದರ ಮೇಲೆ ಶೇ 18 ಜಿಎಸ್‌ಟಿ. ಇಲ್ಲಿ ನೂರಾರು ರೂಪಾಯಿ ಬರೆದಿದ್ದರೆ ಕೇಳಿ.

ಫೋಟೊದಿಂದ ತಿಳಿಯದ್ದು ಒಂದಿದೆ: ಚಿನ್ನದ ಶುದ್ಧತೆ. ಅದಕ್ಕೆ ಜುಮುಕಿಯನ್ನೇ ನೋಡಬೇಕು. ಅದರ ಮೇಲೆ ಬಿಐಎಸ್ ಗುರುತು, `22K916` ಮತ್ತು ಆರು ಅಕ್ಷರ-ಅಂಕಿಗಳ `HUID` ಇರುತ್ತದೆ. ಆ ಆರನ್ನು `BIS Care` ಆ್ಯಪಿನಲ್ಲಿ ಹಾಕಿ ನೋಡಬಹುದು.

ತಂಗಿ ಮರುದಿನ ಅಂಗಡಿಗೆ ಹೋಗಿ ಜುಮುಕಿಯನ್ನು ಮತ್ತೆ ತೂಗಿಸಿದಳು, ಬಿಲ್ಲಿನಲ್ಲಿ ನಿವ್ವಳ ತೂಕ ಬರೆಸಿಕೊಂಡಳು. ಮನೆಗೆ ಬಂದು ಬೀರುವಿನ ಒಡವೆ ಪುಸ್ತಕದಲ್ಲಿ 13.44 ಹೊಡೆದುಹಾಕಿ 12 ಎಂದು ಬರೆದಳಂತೆ.