ಮೊಟ್ಟೆಯ ಬದಲು ಮೊಸರೋ, ಬಾಳೆಯೋ, ಅಗಸೆಯೋ?

ನಮ್ಮ ಮನೆಯ ಕಿತ್ತಳೆ ಕೇಕಿಗೆ ಎರಡು ಮೊಟ್ಟೆ ಹಾಕುತ್ತಿದ್ದೆ. ಬೀಗಿತ್ತಿ ಮೊಟ್ಟೆ ಮುಟ್ಟುವುದಿಲ್ಲ. ಅವರು ಮಡಿಕೇರಿಗೆ ಬರಲಾರಂಭಿಸಿದ ಮೇಲೆ ಆ ಎರಡು ಮೊಟ್ಟೆಯ ಜಾಗಕ್ಕೆ ಏನೇನೋ ಹಾಕಿ ನೋಡಿದೆ.

ಕಿತ್ತಳೆ ಕೇಕಿಗೆ ಮೊಸರೇ ಸರಿ. ಒಂದು ಮೊಟ್ಟೆಗೆ ಕಾಲು ಬಟ್ಟಲಿನಂತೆ ಅರ್ಧ ಬಟ್ಟಲು ಮೊಸರು, ಒಂದೂವರೆ ಬಟ್ಟಲು ಮೈದಾ, ಮುಕ್ಕಾಲು ಬಟ್ಟಲು ಸಕ್ಕರೆ, ಎಣ್ಣೆ ಮತ್ತು ಹಾಲು ಅರ್ಧರ್ಧ ಬಟ್ಟಲು, ಒಂದು ಚಮಚ ಬೇಕಿಂಗ್ ಪೌಡರ್, ಅರ್ಧ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು. ಕಿತ್ತಳೆಯ ಹೊರಸಿಪ್ಪೆಯನ್ನು ಮಾತ್ರ ತುರಿಯಿರಿ, ಒಳಗಿನ ಬಿಳಿ ಭಾಗ ಸೇರಿದರೆ ಕಹಿ. ಮೊಸರಿನ ಹುಳಿ ಸೋಡಾದೊಡನೆ ಸೇರಿ ಗುಳ್ಳೆ ಎಬ್ಬಿಸುತ್ತದೆ, ಕೇಕು ಉಬ್ಬಲು ಅದೂ ಒಂದು ಕಾರಣ. ಹಿಟ್ಟು ಕಲಸಿದ ಕೂಡಲೇ ಬಿಸಿ ಮಾಡಿಟ್ಟ ಓವನ್ನಿಗೆ ಹೋಗಬೇಕು. ಅರ್ಧ ಗಂಟೆ ಹಾಗೆಯೇ ಬಿಟ್ಟರೆ ಗುಳ್ಳೆ ಒಡೆದು ಕೇಕು ಕುಳಿತುಬಿಡುತ್ತದೆ. 180 ಡಿಗ್ರಿಯಲ್ಲಿ ಮೂವತ್ತೈದರಿಂದ ನಲವತ್ತು ನಿಮಿಷ ಸಾಕು. ಒಳಗು ಬಿಳಿ, ಮೃದು. ಬೇರೆ ವಾಸನೆ ಇಲ್ಲದ ಕಾರಣ ಕಿತ್ತಳೆಯ ಘಮ ಉಳಿಯುತ್ತದೆ.

ಕೊಡಗಿನ ಕಕ್ಕಡ ತಿಂಗಳ ಮಳೆಯಲ್ಲಿ ಮಾತ್ರ ಎಚ್ಚರ ಬೇಕು. ಆ ಚಳಿಗೆ ಮೊಸರು ಗಟ್ಟಿಯಾಗಿ ಹೆಪ್ಪುಗಟ್ಟುವುದಿಲ್ಲ, ನೀರು ಬಿಟ್ಟುಕೊಳ್ಳುತ್ತದೆ. ತೆಳು ಬಟ್ಟೆಯಲ್ಲಿ ಹತ್ತು ನಿಮಿಷ ಸೋಸಿ, ಆಮೇಲೆ ಅಳೆಯಿರಿ.

ಬಾಳೆಹಣ್ಣಿನಲ್ಲಿ ನಾನು ಕೆಟ್ಟದ್ದು ಅಳತೆಯಿಂದ. ತೋಟದ ಗೊನೆ ಹಣ್ಣಾಗಿತ್ತು, ಹಾಳಾಗಬಾರದೆಂದು ಒಂದು ಬಟ್ಟಲಿಗೂ ಮೀರಿ ಕಿವುಚಿ ಹಾಕಿದೆ. ಮೇಲೆ ಕಂದು ಬಣ್ಣ ಬಂದಿತ್ತು, ಕಡ್ಡಿಗೂ ಏನೂ ಅಂಟಲಿಲ್ಲ. ಕತ್ತರಿಸಿದಾಗ ತಳದಲ್ಲಿ ಒಂದು ಬೆರಳು ದಪ್ಪಕ್ಕೆ ಅಂಟಂಟಾದ ಪದರ. ಮತ್ತೆ ಬೇಯಿಸಿದರೂ ಅದು ಹೋಗಲಿಲ್ಲ. ಒಂದು ಮೊಟ್ಟೆಗೆ ಕಾಲು ಬಟ್ಟಲು ಹಣ್ಣು, ಅದಕ್ಕಿಂತ ಹೆಚ್ಚು ಬೇಡ. ಹಣ್ಣುಗಳ ಗಾತ್ರ ಬೇರೆ ಬೇರೆ, ಎಣಿಸಿ ಹಾಕಬೇಡಿ, ಬಟ್ಟಲಿನಲ್ಲೇ ಅಳೆಯಿರಿ. ಸಕ್ಕರೆಯನ್ನು ಎರಡು ಚಮಚ ಕಡಿಮೆ ಮಾಡಿ. ಹಣ್ಣಿನ ಸಿಹಿಗೆ ಕೇಕು ಬೇಗ ಕೆಂಪಾಗುವುದರಿಂದ ಬಣ್ಣ ನೋಡಿ ಇಳಿಸಬೇಡಿ. ಇದರಲ್ಲಿ ಕಿತ್ತಳೆ ಸೋಲುತ್ತದೆ, ಬಾಯಿಗೆ ಬಾಳೆಯೇ ಬರುತ್ತದೆ. ಏಲಕ್ಕಿ ಹಾಕಿದರೆ ಒಪ್ಪುತ್ತದೆ.

ಅಗಸೆ ಬೀಜವನ್ನು ನಾನು ಕಾಫಿ ಡಿಕಾಕ್ಷನ್ ಅಥವಾ ಕೋಕೋ ಹಾಕಿದ ಕಪ್ಪು ಕೇಕಿಗಷ್ಟೇ ಇಟ್ಟುಕೊಂಡಿದ್ದೇನೆ. ಒಂದು ಮೊಟ್ಟೆಗೆ ಒಂದು ದೊಡ್ಡ ಚಮಚ ಪುಡಿಗೆ ಮೂರು ದೊಡ್ಡ ಚಮಚ ನೀರು. ಹತ್ತು ನಿಮಿಷದಲ್ಲಿ ಅದು ಲೋಳೆಯಾಗುತ್ತದೆ. ಇಡೀ ಬೀಜ ನೆನೆಸಿದರೆ ಹೀಗೆ ಒದಗುವುದಿಲ್ಲ, ನುಣ್ಣಗೆ ಪುಡಿಮಾಡಿಕೊಳ್ಳಿ. ಈ ಲೋಳೆ ಹಿಟ್ಟನ್ನು ಹಿಡಿದಿಡುತ್ತದೆ, ಆದರೆ ಉಬ್ಬಿಸುವುದಿಲ್ಲ. ಆ ಕೆಲಸ ಬೇಕಿಂಗ್ ಪೌಡರಿನದು. ಕೇಕು ತುಸು ಬಿಗಿ, ಕಾಳಿನ ರುಚಿ, ನಡುವೆ ಕಂದು ಚುಕ್ಕೆ; ಕಾಫಿಯ ಬಣ್ಣದಲ್ಲಿ ಅದು ಕಾಣುವುದಿಲ್ಲ.

ನಾಲ್ಕೈದು ಮೊಟ್ಟೆಯನ್ನು ನೊರೆ ಬರುವಂತೆ ಕಡೆದು ಮಾಡುವ ಸ್ಪಂಜ್ ಕೇಕಿಗೆ ಈ ಮೂರೂ ಆಗುವುದಿಲ್ಲ. ಅಲ್ಲಿ ಕೇಕನ್ನು ಎತ್ತುವುದೇ ಮೊಟ್ಟೆಯ ನೊರೆ. ಬೀಗಿತ್ತಿ ಬಂದ ದಿನ ಅದನ್ನು ಬಿಟ್ಟು ಕಿತ್ತಳೆ ಕೇಕನ್ನೇ ಮಾಡುತ್ತೇನೆ.