ಕಂಪನಿ ಹುಟ್ಟುವ ಮೊದಲೇ ಅದರ ಬಿಲ್ ಬರೆದೆ: ಮೆಮೊರಾಂಡಂ ಬಗ್ಗೆ ನನ್ನ ಅನುಭವ

ನನ್ನ ಎರಡನೇ ಕಂಪನಿಯ ಮೆಮೊರಾಂಡಂ, ಅಂದರೆ ಕಂಪನಿ ಯಾವ ಕೆಲಸ ಮಾಡಬಹುದು ಎಂದು ಹೇಳುವ ಮೂಲ ದಾಖಲೆಯನ್ನು, ನಾನೇ ಕೂತು ಬರೆದೆ. ಆಗ ಗೊತ್ತಿದ್ದವರೆಲ್ಲ ಬೇಡ ಎಂದರು. "ಮಾದರಿ ಇರುತ್ತದೆ, ಹೆಸರು ಬದಲಾಯಿಸಿ ಹಾಕಿ, ಯಾರೂ ಓದಲ್ಲ" ಎಂಬುದು ಎಲ್ಲರ ಮಾತು. ಹೋದ ವರ್ಷ ಬ್ಯಾಂಕಿನ ವಕೀಲರು ಅದನ್ನು ಸಾಲು ಸಾಲಾಗಿ ಓದಿದರು. ಒಂದೂ ಆಕ್ಷೇಪಣೆ ಇಲ್ಲದೆ ಸಾಲಕ್ಕೆ ಒಪ್ಪಿಗೆ ಕೊಟ್ಟರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕಂಪನಿ ನೋಂದಣಿಯ SPICe+ ಅರ್ಜಿ ತುಂಬುವುದು ಹೇಗೆ ಎಂದು ನಿಮಗೆ ಗೊತ್ತಿದೆ ಅಂದುಕೊಂಡು ಮುಂದೆ ಹೋಗುತ್ತೇನೆ.

ಮೊದಲ ಕಂಪನಿಯ ಕಥೆ ಹೇಳದೆ ಎರಡನೆಯದು ಅರ್ಥವಾಗುವುದಿಲ್ಲ. ನಾವು ಧಾನ್ಯ ಒಣಗಿಸುವ ಯಂತ್ರ ಮಾಡುತ್ತಿದ್ದೆವು. ಮೆಮೊರಾಂಡಂನಲ್ಲಿ ಕಂಪನಿಯ ಮುಖ್ಯ ಉದ್ದೇಶ ಹೇಳುವ 3(ಎ) ಕಲಂನಲ್ಲಿ ಇದ್ದದ್ದು ಒಂದೇ ಸಾಲು: ಒಣಗಿಸುವ ಯಂತ್ರಗಳ ತಯಾರಿಕೆ ಮತ್ತು ಮಾರಾಟ. ಅದಕ್ಕೆ ಪೂರಕವಾದ ಕೆಲಸಗಳನ್ನು ಹೇಳುವ 3(ಬಿ) ಮಾತ್ರ ಎರಡು ಪುಟ ಇತ್ತು. ಸಾಲ ತೆಗೆಯುವುದು, ಜಾಗ ಕೊಳ್ಳುವುದು, ಕಟ್ಟಡ ಕಟ್ಟುವುದು ಎಲ್ಲಾ ಅಲ್ಲಿತ್ತು. ಇಷ್ಟಿದ್ದರೆ ಏನು ಬೇಕಾದರೂ ಮಾಡಬಹುದು ಅಂತ ನಾನೂ ನಂಬಿದ್ದೆ.

ಎರಡನೇ ವರ್ಷ ಒಬ್ಬ ದೊಡ್ಡ ಗ್ರಾಹಕರು ಬಂದರು. ಯಂತ್ರದ ಜೊತೆಗೆ ಅವರ ಜಾಗದಲ್ಲಿ ಒಂದು ಗೋದಾಮನ್ನೂ ಕಟ್ಟಿಕೊಡಿ, ದುಡ್ಡು ಸದ್ಯಕ್ಕೆ ನೀವೇ ಹಾಕಿ, ಮೂರು ವರ್ಷದಲ್ಲಿ ಕಂತಿನಲ್ಲಿ ಕೊಡುತ್ತೇವೆ ಎಂದರು. ನಾವು ಒಪ್ಪಿದೆವು. ಗೋದಾಮಿಗೆ ಸುಮಾರು 22 ಲಕ್ಷ ಹೋಯಿತು. ನಾಲ್ಕು ಕಂತು ಬಂದ ಮೇಲೆ ಜಗಳ ಶುರುವಾಯಿತು. ಅವರ ವಕೀಲರು ಕಳಿಸಿದ ನೋಟಿಸ್‌ನಲ್ಲಿ ಯಂತ್ರದ ಬಗ್ಗೆ ಒಂದು ಮಾತೂ ಇರಲಿಲ್ಲ. ಗೋದಾಮು ಕಟ್ಟುವುದು ನಿಮ್ಮ ಕಂಪನಿಯ ಉದ್ದೇಶದಲ್ಲೇ ಇಲ್ಲ, ಆದ್ದರಿಂದ ಈ ಒಪ್ಪಂದ ಅಲ್ಟ್ರಾ ವೈರೀಸ್, ಅಂದರೆ ಕಂಪನಿಯ ಅಧಿಕಾರ ಮೀರಿದ್ದು, ಮೊದಲಿನಿಂದಲೇ ಶೂನ್ಯ ಎಂದಷ್ಟೇ ಇತ್ತು.

3(ಬಿ)ಯಲ್ಲಿ ಕಟ್ಟಡ ಇದೆಯಲ್ಲ ಎಂದು ನಾನು ಓಡಿದೆ. ನಮ್ಮ ವಕೀಲರು ಆ ಸಾಲನ್ನು ಬೆರಳಿಟ್ಟು ತೋರಿಸಿದರು. "ಕಂಪನಿಯ ಉಪಯೋಗಕ್ಕಾಗಿ ಕಟ್ಟಡ ಕಟ್ಟುವುದು" ಎಂದಿತ್ತು. ನಮ್ಮ ಕಾರ್ಖಾನೆ ಕಟ್ಟಿಕೊಳ್ಳಲು ಅದು ಸಾಕು. ಬೇರೆಯವರಿಗೆ ಗೋದಾಮು ಕಟ್ಟಿಕೊಡುವ ವ್ಯಾಪಾರಕ್ಕೆ ಸಾಲದು. 3(ಬಿ) ಎಷ್ಟು ಉದ್ದ ಇದ್ದರೂ ಅದು 3(ಎ)ಗೆ ಕೈಯಾಳು ಅಷ್ಟೇ. ಅಲ್ಲಿರುವ ಅಧಿಕಾರವನ್ನು 3(ಎ)ಯಲ್ಲಿ ಹೇಳಿದ ಕೆಲಸ ನಡೆಸಲು ಮಾತ್ರ ಬಳಸಬಹುದು. ಹಳೆಯ 1956ರ ಕಾಯ್ದೆಯಲ್ಲಿ "ಇತರ ಉದ್ದೇಶಗಳು" ಎಂಬ ಮೂರನೇ ಭಾಗ ಇತ್ತು. 2013ರ ಕಾಯ್ದೆಯ 4ನೇ ಸೆಕ್ಷನ್‌ನಲ್ಲಿ ಅದು ಇಲ್ಲ. ಹಳೆಯ ಮಾದರಿ ನೋಡಿ ಬರೆಯುವವರು ಇಲ್ಲೇ ಎಡವುತ್ತಾರೆ.

ಆಮೇಲೆ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ನಾವು ಆರು ಜನ ಷೇರುದಾರರು. ಎಲ್ಲರನ್ನೂ ಸೇರಿಸಿ, ಆ ಒಪ್ಪಂದವನ್ನು ನಾವೆಲ್ಲ ಒಪ್ಪುತ್ತೇವೆ ಎಂದು ಸಹಿ ಹಾಕಿಸಿದೆ. ವಕೀಲರು ಆ ಕಾಗದವನ್ನು ಪಕ್ಕಕ್ಕೆ ಇಟ್ಟು ಆಶ್‌ಬರಿ ರೈಲ್ವೆ ಕ್ಯಾರೇಜ್ ಪ್ರಕರಣ ಹೇಳಿದರು. 1875ರ ತೀರ್ಪು. ರೈಲು ಬೋಗಿ ಮಾಡಿ ಮಾರುವ ಕಂಪನಿ ಬೆಲ್ಜಿಯಂನಲ್ಲಿ ರೈಲು ಮಾರ್ಗ ಕಟ್ಟಿಸಲು ಹಣ ಹಾಕುವ ಒಪ್ಪಂದ ಮಾಡಿಕೊಂಡಿತ್ತು. ಒಪ್ಪಂದ ಶೂನ್ಯ, ಷೇರುದಾರರು ಒಬ್ಬರೂ ಬಿಡದೆ ಒಪ್ಪಿದರೂ ಅದಕ್ಕೆ ಜೀವ ಬರುವುದಿಲ್ಲ ಎಂದು ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ ಹೇಳಿತು. ನಮ್ಮದೂ ಹೆಚ್ಚು ಕಡಿಮೆ ಅದೇ ಕಥೆ ಅಲ್ವಾ? ಇಂಗ್ಲೆಂಡ್ ಈ ನಿಯಮವನ್ನು ಆಮೇಲೆ ತುಂಬಾ ಸಡಿಲ ಮಾಡಿದೆ. ನಮ್ಮಲ್ಲಿ ಅದು ಹಾಗೇ ಉಳಿದಿದೆ.

ಹಾಗಾದರೆ ಮೆಮೊರಾಂಡಂ ಬದಲಾಯಿಸೋಣ ಎಂದೆ. ಬದಲಾಯಿಸಿದೆವು ಕೂಡ. ವಿಶೇಷ ನಿರ್ಣಯ ಮಾಡಿ, ಅದನ್ನು ರಿಜಿಸ್ಟ್ರಾರ್‌ಗೆ ಸಲ್ಲಿಸುವ MGT-14 ಫಾರಂ ಹಾಕಿ, ಐದಾರು ವಾರದಲ್ಲಿ ನೋಂದಣಿ ಆಯಿತು. ಖರ್ಚು ಫೀಸೆಲ್ಲ ಸೇರಿ ಮೂವತ್ತು ಸಾವಿರದ ಹತ್ತಿರ. ಆದರೆ 13ನೇ ಸೆಕ್ಷನ್ ಪ್ರಕಾರ ರಿಜಿಸ್ಟ್ರಾರ್ ನೋಂದಾಯಿಸುವವರೆಗೆ ಬದಲಾವಣೆಗೆ ಬೆಲೆ ಇಲ್ಲ. ಅದು ಮುಂದಿನ ಒಪ್ಪಂದಗಳಿಗೆ ಆಯಿತು. ಹಿಂದಿನ ಗೋದಾಮಿಗೆ ಆಗಲಿಲ್ಲ.

ಅಷ್ಟರಲ್ಲಿ ನಮ್ಮ ಒಬ್ಬ ಷೇರುದಾರರು ಇನ್ನೊಂದು ಪ್ರಶ್ನೆ ಎತ್ತಿದರು. ಉದ್ದೇಶದಲ್ಲಿ ಇಲ್ಲದ ಕೆಲಸಕ್ಕೆ ದುಡ್ಡು ಕೊಟ್ಟ ನಿರ್ದೇಶಕರೇ ಅದನ್ನು ಕೈಯಿಂದ ತುಂಬಿಕೊಡಬೇಕಲ್ಲವೇ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. 1963ರ ಲಕ್ಷ್ಮಣಸ್ವಾಮಿ ಮೊದಲಿಯಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಗೇ ಹೇಳಿದೆ. ಒಂದು ವಿಮಾ ಕಂಪನಿ ಸ್ಮಾರಕ ಟ್ರಸ್ಟ್‌ಗೆ 2 ಲಕ್ಷ ರೂಪಾಯಿ ದಾನ ಕೊಟ್ಟಿತ್ತು. ಷೇರುದಾರರ ನಿರ್ಣಯವೂ ಇತ್ತು. ಆದರೂ ಅದು ಅಲ್ಟ್ರಾ ವೈರೀಸ್ ಆಯಿತು, ಹಣದ ಹೊಣೆ ನಿರ್ದೇಶಕರ ಮೇಲೆ ಬಂತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕೋರ್ಟಿಗೆ ಹೋಗದೆ ರಾಜಿ ಮಾಡಿಕೊಂಡೆವು. ಒಂದು ಅಂಶ ನಮ್ಮ ಪರ ಇತ್ತು. ಒಪ್ಪಂದ ಶೂನ್ಯವಾದರೂ, ನಾವು ಕೊಟ್ಟ ವಸ್ತು ಇಂಥದ್ದೇ ಎಂದು ಗುರುತು ಸಿಗುವ ಹಾಗೆ ಅವರ ಬಳಿ ಇದ್ದರೆ ವಾಪಸ್ ಕೇಳಬಹುದು. ಚಾವಣಿಯ ಶೀಟು ಮತ್ತು ಕಬ್ಬಿಣದ ತೊಲೆಗಳು ಇನ್ನೂ ಜೋಡಿಸದೆ ಬಿದ್ದಿದ್ದವು. ಬಿಲ್ ನಂಬರ್ ಸಮೇತ ತೋರಿಸಿ ಅವನ್ನು ತಂದೆವು. ಕಂತು, ಸಾಮಾನು, ರಾಜಿ ಹಣ ಎಲ್ಲಾ ಸೇರಿ 14 ಲಕ್ಷದ ಹತ್ತಿರ ಬಂತು. ಉಳಿದ ಸುಮಾರು 8 ಲಕ್ಷ ಹೋಯಿತು. ಅದರಲ್ಲಿ ಅರ್ಧ ನಾನು ಕೈಯಿಂದ ತುಂಬಿದೆ.

ಎರಡನೇ ಕಂಪನಿಗೆ ಮೊದಲು ಒಂದು ಕೆಲಸ ಮಾಡಿದೆ. ಕಂಪನಿ ಇನ್ನೂ ಹುಟ್ಟಿರಲಿಲ್ಲ. ಆದರೂ ಮುಂದಿನ ಮೂರು ವರ್ಷದಲ್ಲಿ ಅದು ಕೊಡುವ ಬಿಲ್ ಮತ್ತು ಪಾವತಿ ಮಾಡುವ ವೋಚರ್‌ಗಳನ್ನು ಚೀಟಿಗಳಲ್ಲಿ ಬರೆದೆ. ಯಾರಿಗೆ, ಯಾವುದಕ್ಕೆ, ಎಷ್ಟು. ಸುಮಾರು ನಲವತ್ತು ಚೀಟಿ ಆದವು. ಆಮೇಲೆ ಪ್ರತಿ ಚೀಟಿಯನ್ನೂ ಕರಡಿನ ಮೇಲೆ ಇಟ್ಟು, ಇದನ್ನು ಹೊರುವ ಪದ ಯಾವುದು ಎಂದು ಕೇಳಿದೆ. ಪದ ಸಿಗದ ಚೀಟಿಯನ್ನು ಪಕ್ಕಕ್ಕೆ ಇಟ್ಟೆ. ಮೊದಲ ಸುತ್ತಿನಲ್ಲೇ ಹನ್ನೊಂದು ಚೀಟಿ ಹೊರಗೆ ಉಳಿದವು!

ಅದರಲ್ಲಿ ಒಂದು, ಯಂತ್ರವನ್ನು ಸುಗ್ಗಿಯಲ್ಲಿ ತಿಂಗಳ ಬಾಡಿಗೆಗೆ ಕೊಟ್ಟದ್ದು. "ತಯಾರಿಕೆ ಮತ್ತು ಮಾರಾಟ"ದಲ್ಲಿ ಬಾಡಿಗೆ ಬರುವುದಿಲ್ಲ. ಇನ್ನೊಂದು, ಬೇರೆಯವರ ಧಾನ್ಯವನ್ನು ನಮ್ಮಲ್ಲೇ ಒಣಗಿಸಿಕೊಟ್ಟು ಕ್ವಿಂಟಾಲಿಗೆ ಇಷ್ಟು ಎಂದು ಕೂಲಿ ಪಡೆದದ್ದು. ಮೂರನೆಯದು ಗ್ರಾಹಕರ ಜಾಗದಲ್ಲಿ ಶೆಡ್. ಈ ಮೂರೂ ಲಾಭ ತರುವ ಸ್ವತಂತ್ರ ವ್ಯಾಪಾರ, ಆದ್ದರಿಂದ 3(ಎ)ಗೆ ಹೋದವು. ಕಡೆಗೆ ಆ ಕಲಂ ಹೀಗೆ ನಿಂತಿತು: ಧಾನ್ಯ ಮತ್ತು ಬೆಳೆ ಒಣಗಿಸುವ ಯಂತ್ರಗಳನ್ನು ತಯಾರಿಸುವುದು, ಮಾರುವುದು, ಬಾಡಿಗೆಗೆ ಕೊಡುವುದು, ದುರಸ್ತಿ ಮಾಡುವುದು, ಅಂಥ ಯಂತ್ರಗಳಿಂದ ಇತರರ ಬೆಳೆಯನ್ನು ಶುಲ್ಕಕ್ಕೆ ಒಣಗಿಸಿಕೊಡುವುದು, ಅವನ್ನು ಕೂರಿಸಲು ಮತ್ತು ಒಣಗಿಸಿದ ಬೆಳೆ ಇಡಲು ಬೇಕಾದ ಶೆಡ್ ಮತ್ತು ಗೋದಾಮುಗಳನ್ನು ಇತರರಿಗಾಗಿ ಕಟ್ಟಿಕೊಡುವುದು. "ಇತರರಿಗಾಗಿ" ಎಂಬ ಒಂದು ಪದದ ಬೆಲೆ 8 ಲಕ್ಷ. ಕಂತಿನ ಬಗ್ಗೆ 3(ಬಿ)ಯಲ್ಲಿ ನಾನು ಹಾಕಿದ ವಾಕ್ಯ ಇನ್ನೊಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದಕ್ಕೆ ನಾನು ಬಹಳ ದಿನ ಒದ್ದಾಡಿದ್ದೇನೆ.

ಇಷ್ಟು ಕಷ್ಟ ಯಾಕೆ, ಇಪ್ಪತ್ತೈದು ವ್ಯಾಪಾರ ತುಂಬಿಬಿಡಿ ಎಂದವರೇ ಜಾಸ್ತಿ. ಅದನ್ನೂ ಮಾಡಿ ನೋಡಿದೆ. ಮೊದಲ ಅರ್ಜಿಯಲ್ಲಿ "ಗ್ರಾಹಕರಿಗೆ ಹಣಕಾಸು ಒದಗಿಸುವುದು" ಎಂದು 3(ಎ)ಯಲ್ಲೇ ಸೇರಿಸಿದ್ದೆ. ಅರ್ಜಿ ವಾಪಸ್ ಬಂತು. ಹಣಕಾಸು ವ್ಯಾಪಾರ ಮಾಡುವುದಾದರೆ ರಿಸರ್ವ್ ಬ್ಯಾಂಕಿನ ಒಪ್ಪಿಗೆ ಎಲ್ಲಿ ಎಂಬ ಪ್ರಶ್ನೆ. ಆ ಸಾಲು ತೆಗೆದ ಮೇಲೆ ನೋಂದಣಿ ಸಿಕ್ಕಿತು. ಹತ್ತು ದಿನ ಹೋಯಿತು, ಅಷ್ಟೇ.

ಕಂಪನಿಯ ಒಳಗಿನ ಆಡಳಿತದ ನಿಯಮಗಳಿರುವ ಆರ್ಟಿಕಲ್ಸ್ ವಿಷಯ ಬೇರೆ. ನಾನು ಕಾಯ್ದೆಯಲ್ಲೇ ಇರುವ ಮಾದರಿಯಾದ ಟೇಬಲ್ ಎಫ್ ಇಟ್ಟುಕೊಂಡು, ಅದರ ಮೇಲೆ ಒಂದು ನಿಯಮ ಸೇರಿಸಿದೆ: 5 ಲಕ್ಷ ಮೀರಿದ ಖರೀದಿಗೆ ಇಬ್ಬರು ನಿರ್ದೇಶಕರ ಸಹಿ. ಮೊದಲ ವರ್ಷವೇ ನನ್ನ ಪಾಲುದಾರರು 9 ಲಕ್ಷದ ಮೋಟಾರ್ ಆರ್ಡರ್‌ಗೆ ಒಬ್ಬರೇ ಸಹಿ ಹಾಕಿದರು. ಸುದ್ದಿ ಕೇಳಿ ನನಗೆ ಹಳೆಯ ಗೋದಾಮು ನೆನಪಾಯಿತು. ಆದರೆ ಇದು ಆ ಜಾತಿಯ ತಪ್ಪಲ್ಲ. ಮೋಟಾರ್ ಕೊಳ್ಳುವುದು ಕಂಪನಿಯ ಉದ್ದೇಶದೊಳಗೇ ಇದೆ. ಮೀರಿದ್ದು ನಿರ್ದೇಶಕರ ಅಧಿಕಾರವನ್ನು ಮಾತ್ರ. ಅದನ್ನು ಷೇರುದಾರರ ಸಭೆ ಒಪ್ಪಿ ಸರಿಮಾಡಬಹುದು, ಮಾಡಿದೆವು. ಒಪ್ಪದೇ ಇದ್ದರೂ ಮಾರಿದವರಿಗೆ ದುಡ್ಡು ಕೊಡಲೇಬೇಕಾಗುತ್ತಿತ್ತು. ಇಬ್ಬರ ಸಹಿ ಬೇಕು ಎಂಬುದು ಆರ್ಟಿಕಲ್ಸ್‌ನಲ್ಲಿ ಹೊರಗಿನವರಿಗೆ ಕಾಣುತ್ತದೆ, ನಿಜ. ಆದರೆ ನಮ್ಮ ಆರ್ಟಿಕಲ್ಸ್‌ನಲ್ಲೇ, ಬೋರ್ಡ್ ನಿರ್ಣಯ ಮಾಡಿದರೆ ಒಬ್ಬರೇ ಸಹಿ ಹಾಕಬಹುದು ಎಂದೂ ಇತ್ತು. ಆ ನಿರ್ಣಯ ಒಳಗೆ ಆಗಿದೆಯೋ ಇಲ್ಲವೋ ಎಂದು ಹೊರಗಿನವರು ಹುಡುಕಬೇಕಿಲ್ಲ. 1856ರ ಟರ್ಕ್ವಾಂಡ್ ಪ್ರಕರಣದಿಂದ ಬಂದ ನಿಯಮ ಇದು.

ಒಂದು ಪ್ರಯೋಗ ಕೈಕೊಟ್ಟಿತು. ಆ ಎರಡು ಸಹಿಯ ನಿಯಮವನ್ನು ಎಲ್ಲ ಸದಸ್ಯರೂ ಒಪ್ಪದೆ ಬದಲಾಯಿಸುವಂತಿಲ್ಲ ಎಂದು 5ನೇ ಸೆಕ್ಷನ್ ಪ್ರಕಾರ ಬಿಗಿ ಮಾಡಿದ್ದೆ. ಮಿತಿಯನ್ನು 10 ಲಕ್ಷಕ್ಕೆ ಏರಿಸಬೇಕಾದಾಗ ಒಬ್ಬ ಸದಸ್ಯರ ಸಹಿಗೆ ಎರಡು ತಿಂಗಳು ಕಾದೆವು. ಮೊತ್ತದಂಥ ವಿಷಯಕ್ಕೆ ಈ ಬಿಗಿ ಬೇಡ.

ಇನ್ನೊಂದು ಕಡೆ ಚೀಟಿಗಳು ಎಣಿಸದ ಲಾಭ ಕೊಟ್ಟವು. ಕಂಪನಿ ಹುಟ್ಟುವ ಮೊದಲೇ ನಾನು ಕಾರ್ಖಾನೆಯ ಜಾಗಕ್ಕೆ ಬಾಡಿಗೆ ಕರಾರು ಮಾಡಿಕೊಂಡಿದ್ದೆ. ಹುಟ್ಟದ ಕಂಪನಿ ಕರಾರು ಮಾಡಲಾರದು, ಪ್ರವರ್ತಕನೇ ಸಿಕ್ಕಿಕೊಳ್ಳುತ್ತಾನೆ. 1963ರ ಸ್ಪೆಸಿಫಿಕ್ ರಿಲೀಫ್ ಕಾಯ್ದೆಯ 15 ಮತ್ತು 19ನೇ ಸೆಕ್ಷನ್‌ಗಳು ಒಂದು ದಾರಿ ಕೊಡುತ್ತವೆ. ಕರಾರು ಕಂಪನಿಯ ಕೆಲಸಕ್ಕಾಗಿಯೇ ಆಗಿರಬೇಕು, ಅದರ ಸ್ಥಾಪನೆಯ ಷರತ್ತುಗಳಿಗೆ ಹೊಂದಬೇಕು, ಹುಟ್ಟಿದ ಮೇಲೆ ಕಂಪನಿ ಅದನ್ನು ಒಪ್ಪಿಕೊಂಡು ಎದುರಿನವರಿಗೆ ತಿಳಿಸಬೇಕು. ಕಾರ್ಖಾನೆಯ ಜಾಗದ ಬಾಡಿಗೆಯ ಚೀಟಿ ಮೊದಲೇ ಕರಡಿನ ಪರೀಕ್ಷೆ ದಾಟಿತ್ತು. ಮೊದಲ ಬೋರ್ಡ್ ಸಭೆಯಲ್ಲೇ ಕರಾರನ್ನು ಒಪ್ಪಿ, ಅದೇ ದಿನ ಮಾಲೀಕರಿಗೆ ಪತ್ರ ಕಳಿಸಿದೆ. ಮುಂಗಡದ 3 ಲಕ್ಷ ನನ್ನ ತಲೆಯಿಂದ ಇಳಿಯಿತು.

ಬ್ಯಾಂಕಿನವರು 40 ಲಕ್ಷದ ಸಾಲಕ್ಕೆ ಮೆಮೊರಾಂಡಂ ಕೇಳಿದಾಗ ಚೀಟಿಗಳ ಕಟ್ಟನ್ನೂ ಜೊತೆಗೆ ಒಯ್ದಿದ್ದೆ. ವಕೀಲರು ಗೋದಾಮಿನ ಆರ್ಡರ್ ತೋರಿಸಿ, ಇದು ಎಲ್ಲಿದೆ ಎಂದರು. ಸಾಲು ತೋರಿಸಿದೆ. ಮಾದರಿ ಸಾಕು ಎಂದಿದ್ದ ಗೆಳೆಯರೊಬ್ಬರು ಆಮೇಲೆ ತಮ್ಮ ಹೊಸ ಕಂಪನಿಗೆ ನನ್ನಿಂದಲೇ ಚೀಟಿ ಬರೆಸಿಕೊಂಡರು.

ಈಗ ನಲವತ್ತೊಂದನೇ ಚೀಟಿ ಬಂದಿದೆ. ಒಬ್ಬ ಗ್ರಾಹಕರು ಶೆಡ್ಡಿನ ಚಾವಣಿ ಮೇಲೆ ಸೋಲಾರ್ ಹಾಕಿ ವಿದ್ಯುತ್ ಮಾರಿ ಎನ್ನುತ್ತಿದ್ದಾರೆ. ಅದನ್ನು ಹೊರುವ ಪದ ನಮ್ಮ 3(ಎ)ಯಲ್ಲಿ ಇಲ್ಲ. 21 ದಿನದ ನೋಟಿಸ್ ಕೊಟ್ಟು ಸಭೆ ಮಾಡಿದೆವು, ವಿಶೇಷ ನಿರ್ಣಯ ಪಾಸಾಯಿತು, MGT-14 ಹಾಕಿ ಒಂದು ವಾರ ಆಯಿತು. ಗ್ರಾಹಕರು ದಿನಾ ಫೋನ್ ಮಾಡುತ್ತಾರೆ. ನೋಂದಣಿಯ ಪ್ರಮಾಣಪತ್ರ ಬರುವವರೆಗೆ ಸಹಿ ಹಾಕುವುದಿಲ್ಲ ಎಂದು ಹೇಳಿದ್ದೇನೆ.