11 ಗಂಟೆ ಕಾಲ ಸೇವೆ ನಿಂತಿದ್ದು ಯಾಕೆ, ಸರಿಯಾಗಿದ್ದು ಹೇಗೆ

ನಿನ್ನೆ 11 ಗಂಟೆ ಕಾಲ ನಿಮ್ಮ ಕೆಲಸ ನಿಂತುಹೋಯಿತು. ಕ್ಷಮಿಸಿ, ತಪ್ಪು ನಮ್ಮದು, ತಂಡದ ಮ್ಯಾನೇಜರ್ ಆಗಿ ನನ್ನದು.

ಹಳೆಯ ಬ್ಯಾಕಪ್ ಸರ್ವರ್ ಒಂದನ್ನು ತೆಗೆದಿದ್ದೆವು. ಅದಕ್ಕಾಗಿ ಲಾಗ್ ಕಾದಿಡುವಂತೆ ಡೇಟಾಬೇಸಿಗೆ ಹೇಳುವ ರೆಪ್ಲಿಕೇಶನ್ ಸ್ಲಾಟ್ ಅಳಿಸಲು ಮರೆತೆವು. ಇಲ್ಲದ ಸರ್ವರಿಗಾಗಿ ಡೇಟಾಬೇಸ್ ಲಾಗ್ ಫೈಲ್‌ಗಳನ್ನು ಕೂಡಿಡುತ್ತಲೇ ಹೋಯಿತು. ಡಿಸ್ಕ್ ತುಂಬಿತು, ಡೇಟಾಬೇಸ್ ನಿಂತಿತು. ಎಚ್ಚರಿಕೆಯ ಮೇಲ್ ಬಂದಿತ್ತು, ಆದರೆ ಕೆಲಸ ಬಿಟ್ಟವರ ಇನ್‌ಬಾಕ್ಸಿಗೆ!

ಮೊದಲ ಮೂರು ಗಂಟೆ ಸುಮ್ನೆ ರೀಸ್ಟಾರ್ಟ್ ಮಾಡುತ್ತಾ ಕಳೆದೆವು. `pg_wal` ಫೋಲ್ಡರಿನ ಆ ಲಾಗ್ ಫೈಲ್‌ಗಳನ್ನು ಕೈಯಾರೆ ಅಳಿಸೋಣ ಅಂದರು ಒಬ್ಬರು. ನಾನು ಬೇಡ ಎಂದೆ, ಡೇಟಾ ಕೆಡುತ್ತಿತ್ತು. ಡಿಸ್ಕ್ ಜಾಗ ಹೆಚ್ಚಿಸಿ, ಡೇಟಾಬೇಸ್ ಎಬ್ಬಿಸಿ, ಸ್ಲಾಟ್ ಅಳಿಸಿದೆವು. ಉಳಿದ ಹೊತ್ತು ದಾಖಲೆಗಳ ತಾಳೆಗೆ ಹೋಯಿತು.

ಸೇವ್ ಆಗಿದ್ದು ಯಾವುದೂ ಕಳೆದಿಲ್ಲ. ಎರರ್ ಬಂದವನ್ನು ಮಾತ್ರ ಮತ್ತೆ ಕಳಿಸಬೇಕು. ಈಗ ಸ್ಲಾಟಿಗಾಗಿ ಕೂಡಿಡುವ ಲಾಗಿಗೆ `max_slot_wal_keep_size` ಮಿತಿ ಹಾಕಿದ್ದೇವೆ. ಎಚ್ಚರಿಕೆ ನೇರ ನನ್ನ ಫೋನಿಗೇ ಬರುತ್ತದೆ.